ಗುಳ್ಳದ ಹೂವೂ ನಾಲ್ಕನೇ ಪ್ರಶ್ನೆಯೂ

ಸಸ್ಯಗಳ ಸಂತಾನೋತ್ಪತ್ತಿಯ ವರ್ಕ್‌ಶೀಟ್ ತಿದ್ದುವಾಗ ನನ್ನ ಕೆಂಪು ಪೆನ್ನು ಪ್ರತಿ ವರ್ಷ ಒಂದೇ ಕಡೆ ನಿಲ್ಲುತ್ತದೆ. ಹೂವಿನ ಭಾಗ ಗುರುತಿಸುವುದರಲ್ಲಿ ಮಕ್ಕಳು ತಪ್ಪುವುದು ಕಡಿಮೆ. ‘ಪರಾಗಸ್ಪರ್ಶದ ನಂತರ ಏನಾಗುತ್ತದೆ?’ ಎಂಬ ನಾಲ್ಕನೇ ಪ್ರಶ್ನೆಗೆ ಮಾತ್ರ ಅರ್ಧ ಕ್ಲಾಸು ‘ಪರಾಗ ಅಂಡಾಶಯಕ್ಕೆ ಬಿದ್ದು ಕಾಯಿಯಾಗುತ್ತದೆ’ ಎಂದು ಬರೆದಿರುತ್ತದೆ. ಚಿತ್ರದಲ್ಲಿ ಅಂಡಾಶಯದ ಮೇಲೆ ನಿಂತ ಶಲಾಕೆ ಪೈಪಿನ ಹಾಗೆ ಕಾಣುತ್ತದೆ. ಮೇಲೆ ಹಾಕಿದ್ದು ಕೆಳಗೆ ಬೀಳಬೇಕು, ಅಲ್ವಾ?

ಈ ಸಲ ಉಡುಪಿ ಹತ್ತಿರದ ಕಟಪಾಡಿ ಕಡೆಯ ಹುಡುಗನೊಬ್ಬನಿಗೆ ಅಲ್ಲಿನ ಬದನೆ ಮಟ್ಟುಗುಳ್ಳದ ಹೂ ತರಲು ಹೇಳಿದೆ. ನೇರಳೆ ದಳಗಳ ನಡುವೆ ಐದು ಹಳದಿ ಪರಾಗಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವು ಉದ್ದಕ್ಕೆ ಬಿರಿಯುವುದಿಲ್ಲ, ತುದಿಯಲ್ಲಿ ಸಣ್ಣ ತೂತು ಮಾತ್ರ. ಸುಮ್ನೆ ಮುಟ್ಟಿದರೆ ಪರಾಗ ಸರಿಯಾಗಿ ಉದುರುವುದಿಲ್ಲ. ಲ್ಯಾಬಿನಿಂದ ಟ್ಯೂನಿಂಗ್ ಫೋರ್ಕ್ ತಂದು, ಬಡಿದು, ಹೂವಿಗೆ ತಾಗಿಸಿದೆ. ಕೆಳಗೆ ಹಿಡಿದ ಕಪ್ಪು ಕಾಗದದ ಮೇಲೆ ನಸುಹಳದಿ ಹುಡಿ ಬಿತ್ತು. ತೋಟದಲ್ಲಿ ಈ ಕೆಲಸ ಮಾಡುವುದು ಮರ ಕೊರೆಯುವ ದೊಡ್ಡ ಕಪ್ಪು ದುಂಬಿ. ಅದು ಹೂವನ್ನು ತಬ್ಬಿ ಗುಂಯ್ ಎಂದು ನಡುಗಿಸುತ್ತದೆ. ತುಡುವೆ ಜೇನಿಗೆ ಆ ವಿದ್ಯೆ ಬರುವುದಿಲ್ಲ.

ಹುಡಿ ಶಲಾಕೆಯ ತುದಿಗೆ, ಅಂದರೆ ಶಲಾಕಾಗ್ರಕ್ಕೆ, ಅಂಟಿದರೆ ಪರಾಗಸ್ಪರ್ಶ ಮುಗಿಯಿತು. ಕಣ ಅಲ್ಲೇ ಉಳಿಯುತ್ತದೆ.

"ಮತ್ತೆ ಕೆಳಗೆ ಹೋಗುದು ಯಾವುದು ಟೀಚರ್?"

ಕಣದಿಂದ ಒಂದು ನಳಿಕೆ ಮೊಳೆತು, ಶಲಾಕೆಯ ಒಳಗೆ ದಾರಿ ಮಾಡಿಕೊಂಡು ಬೆಳೆಯುತ್ತದೆ. ಅದರಲ್ಲಿ ಎರಡು ಗಂಡು ಕೋಶಗಳು ಸಾಗುತ್ತವೆ. ಅಂಡಾಶಯದಲ್ಲಿರುವ ಅಂಡಕದೊಳಗೆ ಅವುಗಳಲ್ಲಿ ಒಂದು ಅಂಡಾಣುವಿನೊಂದಿಗೆ ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಅದರ ಬುತ್ತಿ ತಯಾರಿಗೆ. ಈ ಕೂಡುವಿಕೆಯೇ ನಿಷೇಚನ. ಆಮೇಲೆ ಅಂಡಕ ಬೀಜವಾಗುತ್ತದೆ, ಅಂಡಾಶಯ ಕಾಯಿಯಾಗುತ್ತದೆ.

ಇದನ್ನು ನಂಬಿಸಲು ಒಂದು ಗುಳ್ಳ ಕತ್ತರಿಸಿದರೆ ಸಾಕು. ಒಳಗಿನ ಒಂದೊಂದು ಬೀಜಕ್ಕೂ ಒಂದೊಂದು ಪರಾಗಕಣ, ಒಂದೊಂದು ನಳಿಕೆ ಬೇಕಾಗಿತ್ತು. ಎಣಿಸಲು ಕೂತ ಹುಡುಗಿ ನೂರು ದಾಟಿದ ಮೇಲೆ ಕೈಬಿಟ್ಟಳು. ಮುಳ್ಳಿನ ಹಸಿರು ಟೊಪ್ಪಿಯನ್ನೂ ನೋಡಿ. ಹೂವಿನ ಪುಷ್ಪಪತ್ರಗಳೇ ಅವು, ಕಾಯಿಯೊಂದಿಗೆ ಉಳಿದುಕೊಂಡಿವೆ.

ತಂದ ಹೂಗಳಲ್ಲಿ ಎರಡರ ಶಲಾಕೆ ಗಿಡ್ಡವಾಗಿ ಪರಾಗಕೋಶಗಳ ಕೆಳಗೇ ಅಡಗಿತ್ತು. ಬದನೆ ಜಾತಿಯಲ್ಲಿ ಇದು ಮಾಮೂಲು. ಅಂಥ ಹೂ ಸಾಮಾನ್ಯವಾಗಿ ಕಾಯಿ ಕಟ್ಟದೆ ಉದುರುತ್ತದೆ. ಗಿಡಕ್ಕೆ ರೋಗವೆಂದು ಮದ್ದು ಹೊಡೆಯುವವರಿದ್ದಾರೆ, ಪಾಪ. ಶಲಾಕಾಗ್ರ ಹೊರಗೆ ಇಣುಕುವ ಹೂಗಳೇ ಕಾಯಿ ಕಟ್ಟುವುದು ಜಾಸ್ತಿ.

ಕೊನೆಯ ಪ್ರಶ್ನೆ ಬೀಜ ಪ್ರಸಾರದ್ದು. ತೆಂಗಿಗೆ ನೀರು, ಎಕ್ಕಕ್ಕೆ ಗಾಳಿ ಎಂದು ಎಲ್ಲರೂ ಬರೆದಿದ್ದರು. ಕಟಪಾಡಿ ಹುಡುಗ ಗುಳ್ಳದ ಮುಂದೆ ‘ನಮ್ಮ ಅಜ್ಜಿ’ ಎಂದು ಬರೆದಿದ್ದ. ಸಾಂಬಾರಿಗೆ ಕೊಯ್ದ ಎಳೆ ಗುಳ್ಳದ ಬೀಜ ಬಲಿತಿರುವುದಿಲ್ಲ, ಬಿತ್ತಿದರೆ ಮೊಳೆಯದು. ಅದಕ್ಕೇ ಅವನ ಅಜ್ಜಿ ಒಳ್ಳೆಯ ಕಾಯಿ ಒಂದೆರಡನ್ನು ಗಿಡದಲ್ಲೇ ಹಳದಿಯಾಗಲು ಬಿಟ್ಟು, ಬೀಜ ತೆಗೆದು ಒಣಗಿಸಿ ನೆರೆಮನೆಗೂ ಕೊಡುತ್ತಾರಂತೆ. ಪೂರ್ತಿ ಅಂಕ ಕೊಟ್ಟೆ.