ಮೂರನೇ ಮಹಡಿಗೆ ಸಿಲಿಂಡರ್ ಹೊರುವವರಿಗೆ ಕ್ರಿಯಾಟಿನ್‌ನಿಂದ ಏನು ಲಾಭ?

ಜಿಮ್‌ಗೆ ಹೋಗುವವರ ಕೈಯಲ್ಲಿದ್ದ ಕ್ರಿಯಾಟಿನ್ ಡಬ್ಬಿ ಈಗ ಮೈಸೂರಿನ ಡೆಲಿವರಿ ಹುಡುಗರ ರೂಮುಗಳಿಗೂ, ಲೋಡ್ ಇಳಿಸುವವರ ಮನೆಗಳಿಗೂ ಬರುತ್ತಿದೆ. ‘ಮೈಕೈ ನೋವು ಕಮ್ಮಿಯಾಗುತ್ತೆ, ದಿನವಿಡೀ ಸುಸ್ತಾಗಲ್ಲ’ ಎಂಬ ಮಾತು ಕೇಳಿ ಕೊಂಡವರೇ ಹೆಚ್ಚು. ಆ ಪುಡಿ ದೇಹದಲ್ಲಿ ಮಾಡುವ ಕೆಲಸ ನಿಜವಾದದ್ದೇ. ಆದರೆ ಅದರ ಪ್ರಯೋಜನ ಕಾಣುವುದು ಸೆಕೆಂಡುಗಳ ಲೆಕ್ಕದಲ್ಲಿ. ದುಡಿಯುವವನ ದಿನವೋ ಹತ್ತು ಹನ್ನೆರಡು ಗಂಟೆಯದು. ಈ ಎರಡು ಲೆಕ್ಕಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದನ್ನು ಗ್ಯಾಸ್ ಸಿಲಿಂಡರ್ ಹೊರುವವರ ಕೆಲಸವನ್ನೇ ಮುಂದಿಟ್ಟುಕೊಂಡು ನೋಡೋಣ.

ಮನೆಬಳಕೆಯ ಸಿಲಿಂಡರಿನಲ್ಲಿ ಗ್ಯಾಸು 14.2 ಕಿಲೋ. ಖಾಲಿ ಸಿಲಿಂಡರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಹೆಗಲ ಮೇಲೆ ಬೀಳುವ ಭಾರ ಸುಮಾರು 30 ಕಿಲೋ. ಹೊರುವವನ ತೂಕ 65 ಕಿಲೋ ಎಂದಿಟ್ಟುಕೊಳ್ಳಿ. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ ಎಂದರೆ ಸುಮಾರು 9 ಮೀಟರ್ ಎತ್ತರ. ಒಟ್ಟು 95 ಕಿಲೋವನ್ನು 40 ಸೆಕೆಂಡಿನಲ್ಲಿ ಅಷ್ಟೆತ್ತರಕ್ಕೆ ಏರಿಸಲು ಸ್ನಾಯುಗಳು ಸುಮಾರು 200 ವಾಟ್ ಶಕ್ತಿ ಕೊಡಬೇಕು. ಗಟ್ಟಿಮುಟ್ಟಾದ ಆಳು ಎಂಟು ಗಂಟೆ ಸುಧಾರಿಸಿಕೊಂಡು ದುಡಿಯುವಾಗ ಕೊಡಬಲ್ಲ ಸರಾಸರಿ ಶಕ್ತಿ ಸುಮಾರು 75 ವಾಟ್. ಅಂದರೆ ಆ 40 ಸೆಕೆಂಡು ಅವನು ದಿನದ ಸರಾಸರಿಯ ಎರಡೂವರೆ ಪಟ್ಟಿಗೂ ಹೆಚ್ಚು ದುಡಿಯುತ್ತಿರುತ್ತಾನೆ.

ಇಷ್ಟು ಬೇಡಿಕೆ ಒಮ್ಮೆಲೇ ಬಂದಾಗ ಉಸಿರಾಟಕ್ಕೂ ರಕ್ತದ ಓಟಕ್ಕೂ ತಕ್ಷಣ ಹೊಂದಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಅವನು ಸಿಲಿಂಡರ್ ಇಟ್ಟು ವಾಪಸ್ ಇಳಿದಿರುತ್ತಾನೆ. ಸ್ನಾಯು ಸಂಕುಚಿಸಲು ನೇರವಾಗಿ ಬಳಸುವ ಇಂಧನ ಎಟಿಪಿ. ಅದರ ದಾಸ್ತಾನು ಕೆಲವೇ ಸೆಕೆಂಡಿಗೆ ಸಾಲುವಷ್ಟು. ಖರ್ಚಾದ ಎಟಿಪಿಯನ್ನು ಅಲ್ಲೇ, ಆಮ್ಲಜನಕಕ್ಕೆ ಕಾಯದೆ, ಮತ್ತೆ ಕಟ್ಟಿಕೊಡುವುದು ಫಾಸ್ಫೋಕ್ರಿಯಾಟಿನ್, ಅಂದರೆ ಸ್ನಾಯುವಿನಲ್ಲಿ ಫಾಸ್ಫೇಟ್ ಕೂಡಿಕೊಂಡ ಕ್ರಿಯಾಟಿನ್. ಪೂರ್ತಿ ಬಲ ಹಾಕಿ ದುಡಿದರೆ ಇದು ಸುಮಾರು ಹತ್ತು ಸೆಕೆಂಡಿನಲ್ಲಿ ಬಹುಪಾಲು ಕರಗಿಹೋಗುತ್ತದೆ, ಆಮೇಲೆ ಸ್ನಾಯುವಿನಲ್ಲಿರುವ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೊಜೆನ್, ಮುಂದೆ ಬರುತ್ತದೆ. ಹೆಗಲಿಗೆ ಸಿಲಿಂಡರ್ ಎತ್ತಿಕೊಳ್ಳುವ ಎಳೆತಕ್ಕೂ ಮೊದಲ ಮೆಟ್ಟಿಲುಗಳಿಗೂ ಬೇಕಾದ ಶಕ್ತಿಯಲ್ಲಿ ದೊಡ್ಡ ಪಾಲು ಈ ಫಾಸ್ಫೋಕ್ರಿಯಾಟಿನ್‌ನದು.

ನಮ್ಮ ದೇಹದಲ್ಲಿ ಒಟ್ಟು ಸುಮಾರು 120 ಗ್ರಾಂ ಕ್ರಿಯಾಟಿನ್ ಇರುತ್ತದೆ, ಬಹುತೇಕ ಎಲ್ಲವೂ ಸ್ನಾಯುಗಳಲ್ಲೇ. ದಿನಕ್ಕೆ ಸುಮಾರು 2 ಗ್ರಾಂ ಸವೆಯುತ್ತದೆ. ಅದರಲ್ಲಿ ಅರ್ಧದಷ್ಟನ್ನು ಮೂತ್ರಪಿಂಡ ಮತ್ತು ಯಕೃತ್ತು ಸೇರಿ ತಯಾರಿಸುತ್ತವೆ, ಉಳಿದದ್ದು ಮಾಂಸ ಮೀನಿನಿಂದ ಬರಬೇಕು. ಒಂದು ಕಿಲೋ ಹಸಿ ಮಾಂಸದಲ್ಲಿ ಇರುವುದು 4ರಿಂದ 5 ಗ್ರಾಂ. ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯದಲ್ಲಿ ಕ್ರಿಯಾಟಿನ್ ಇಲ್ಲ, ಹಾಲು ಮೊಟ್ಟೆಯಲ್ಲಿ ಇರುವುದು ಲೆಕ್ಕಕ್ಕಿಲ್ಲದಷ್ಟು. ಆದ್ದರಿಂದ ಮಾಂಸ ತಿನ್ನದವರ, ಅಥವಾ ತಿಂಗಳಿಗೊಂದು ಬಾಡೂಟ ಸಿಕ್ಕರೆ ಹೆಚ್ಚು ಎನ್ನುವವರ ಸ್ನಾಯುಗಳಲ್ಲಿ ದಾಸ್ತಾನು ಸ್ವಲ್ಪ ಕಡಿಮೆಯೇ ಇರುತ್ತದೆ. ಪುಡಿ ತಿಂದಾಗ ಹೆಚ್ಚು ಏರಿಕೆ ಕಾಣುವುದೂ ಇವರಲ್ಲೇ. ದಿನವೂ ಮಾಂಸ ಮೀನು ತಿನ್ನುವ ಕೆಲವರ ದಾಸ್ತಾನು ಆಗಲೇ ತುಂಬಿರುತ್ತದೆ, ಅವರಿಗೆ ಪುಡಿಯಿಂದ ಏನೂ ಅನ್ನಿಸದೆ ಹೋಗಬಹುದು.

ಈಗ ಸಿಲಿಂಡರಿಗೆ ಹಿಂದಿರುಗೋಣ. ಖರ್ಚಾದ ಫಾಸ್ಫೋಕ್ರಿಯಾಟಿನ್‌ನಲ್ಲಿ ಅರ್ಧದಷ್ಟು ಸುಮಾರು ಅರ್ಧ ನಿಮಿಷದ ವಿಶ್ರಾಂತಿಯಲ್ಲಿ ತುಂಬಿಕೊಳ್ಳುತ್ತದೆ, ಮೂರರಿಂದ ಐದು ನಿಮಿಷದಲ್ಲಿ ಹೆಚ್ಚುಕಡಿಮೆ ಪೂರ್ತಿ. ಕುವೆಂಪುನಗರದ ಒಂದು ಮನೆಗೆ ಸಿಲಿಂಡರ್ ಕೊಟ್ಟು, ಖಾಲಿ ಸಿಲಿಂಡರ್ ಹಿಡಿದು ಇಳಿದು, ಗಾಡಿ ಓಡಿಸಿ ಮುಂದಿನ ಬೀದಿಗೆ ಹೋಗುವ ಹೊತ್ತಿಗೆ ಐದು ನಿಮಿಷ ಆಗಿಯೇ ಇರುತ್ತದೆ. ಪುಡಿ ತಿಂದಿದ್ದರೂ ತಿನ್ನದಿದ್ದರೂ ದಾಸ್ತಾನು ಆಗಲೇ ತುಂಬಿದೆ. ಇಲ್ಲಿ ಕ್ರಿಯಾಟಿನ್‌ಗೆ ಮಾಡಲು ಉಳಿದ ಕೆಲಸ ತೀರಾ ಸ್ವಲ್ಪ.

ಅದೇ ಲಿಫ್ಟ್ ಇಲ್ಲದ ಒಂದೇ ಅಪಾರ್ಟ್‌ಮೆಂಟಿನಲ್ಲಿ ಎಂಟು ಮನೆಗೆ ಒಂದರ ಹಿಂದೊಂದು ಏರಿಸಬೇಕಾಗಿ ಬಂದರೆ ಲೆಕ್ಕ ಬೇರೆ. ಎರಡು ಏರುವಿಕೆಗಳ ನಡುವೆ ಒಂದು ನಿಮಿಷವೂ ಸಿಗುವುದಿಲ್ಲ, ದಾಸ್ತಾನು ಪ್ರತಿ ಸಲವೂ ಅರೆಬರೆ ತುಂಬಿರುತ್ತದೆ. ಬಂಡಿಪಾಳ್ಯದ ಮಾರುಕಟ್ಟೆಯಲ್ಲಿ ಲಾರಿಯಿಂದ 50 ಕಿಲೋ ಮೂಟೆ ಇಳಿಸುವ ಹಮಾಲಿಗಳು, ಮಂಡ್ಯದ ಗದ್ದೆಗಳಲ್ಲಿ ಕಬ್ಬಿನ ಹೊರೆ ಹೊತ್ತು ಹಲಗೆ ಮೇಲೆ ಲಾರಿ ಏರುವವರು ಕೂಡ ಇದೇ ಬಗೆಯ ಕೆಲಸದವರು: ಕೆಲವು ಸೆಕೆಂಡು ಭಾರ, ಕೆಲವು ಸೆಕೆಂಡು ಬರಿಗೈ, ಮತ್ತೆ ಭಾರ. ಅಧ್ಯಯನಗಳಲ್ಲಿ ಕ್ರಿಯಾಟಿನ್ ಗೆದ್ದಿರುವುದು ಸರಿಯಾಗಿ ಇಂಥ ಕಡೆಯೇ, ಅರ್ಧ ನಿಮಿಷಕ್ಕಿಂತ ಕಡಿಮೆಯ ಬಲವಾದ ಕೆಲಸವನ್ನು ಸ್ವಲ್ಪವೇ ಬಿಡುವು ಕೊಟ್ಟು ಮತ್ತೆ ಮತ್ತೆ ಮಾಡುವಾಗ.

ಆದರೂ ಇಲ್ಲೊಂದು ತೊಡಕಿದೆ, ಅದನ್ನು ಪುಡಿ ಮಾರುವವರು ಹೇಳುವುದಿಲ್ಲ. ಆ ಪ್ರಯೋಗಗಳಲ್ಲಿ ಜನ ತಮ್ಮ ಪೂರ್ತಿ ಬಲ ಹಾಕಿರುತ್ತಾರೆ. ಅನುಭವಿ ಹಮಾಲಿ ಎಂದೂ ಪೂರ್ತಿ ಬಲ ಹಾಕುವುದಿಲ್ಲ. ಸಂಜೆಯವರೆಗೆ ಮೈ ಉಳಿಯಬೇಕೆಂದು ತಿಳಿದವನು ಅವನು, ತನ್ನ ಓಟವನ್ನು ತಾನೇ ಹದ ಮಾಡಿಕೊಂಡಿರುತ್ತಾನೆ. ಪೂರ್ತಿ ಬಲದ ಪರೀಕ್ಷೆಯಲ್ಲಿ ಕೆಲವೇ ಶೇಕಡ, ಹೆಚ್ಚೆಂದರೆ ಶೇಕಡ 15ರ ಆಸುಪಾಸು ಕಾಣುವ ಸುಧಾರಣೆ, ಹದವಾಗಿ ಮಾಡುವ ಕೆಲಸದಲ್ಲಿ ಇನ್ನಷ್ಟು ಸಣ್ಣದಾಗುತ್ತದೆ. ಸ್ನಾಯು ಬೆಳೆಯುತ್ತದೆ ಎಂಬ ಆಸೆಯೂ ಹಾಗೆಯೇ. ಜಿಮ್‌ನಲ್ಲಿ ವಾರವಾರಕ್ಕೆ ಭಾರ ಹೆಚ್ಚಿಸುತ್ತಾ ಹೋಗುವುದರಿಂದ ಸ್ನಾಯು ಬೆಳೆಯುತ್ತದೆ, ಕ್ರಿಯಾಟಿನ್ ಅದಕ್ಕೆ ನೆರವಾಗುತ್ತದೆ ಅಷ್ಟೇ. ಮೂಟೆ ಹತ್ತು ವರ್ಷವಾದರೂ 50 ಕಿಲೋ ಆಗಿಯೇ ಇರುತ್ತದೆ.

ಊಟ, ದಿನಸಿ ತಲುಪಿಸುವ ರೈಡರ್ ವಿಷಯದಲ್ಲಿ ಹೆಚ್ಚು ಹೇಳುವುದೇ ಬೇಡ. ಅವರ ದಣಿವು ಬಿಸಿಲು, ಗಾಡಿಯ ಕುಲುಕಾಟ, ಬೆನ್ನು ಸೊಂಟದ ಬಿಗಿತ, ನಿದ್ದೆಗೇಡುಗಳಿಂದ ಬಂದದ್ದು. ಸ್ಕೂಟರ್ ಮೇಲೆ ಹತ್ತು ಗಂಟೆ ಕೂತವನ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಖಾಲಿಯಾಗಿರುವುದಿಲ್ಲ. ಸಂಜೆ ಜಿಮ್‌ಗೆ ಹೋಗುವವರಾದರೆ ಜಿಮ್‌ನ ಲೆಕ್ಕದಲ್ಲಿ ತೆಗೆದುಕೊಳ್ಳಲಿ, ಕೆಲಸದ ಲೆಕ್ಕದಲ್ಲಿ ಅಲ್ಲ.

ಭಾರದ ಕೆಲಸದ ದಿನದಲ್ಲಿ ನಿಜವಾಗಿ ಖಾಲಿಯಾಗುವುದು ಗ್ಲೈಕೊಜೆನ್, ನೀರು ಮತ್ತು ಉಪ್ಪು. ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ 65 ಕಿಲೋ ತೂಕದ ಗಂಡಸು ಕೂತು ಕೆಲಸ ಮಾಡಿದರೆ ದಿನಕ್ಕೆ 2110 ಕ್ಯಾಲೊರಿ ಬೇಕು, ಭಾರದ ಕೆಲಸ ಮಾಡಿದರೆ 3470. ನಡುವಿನ ಅಂತರ ಸುಮಾರು 400 ಗ್ರಾಂ ರಾಗಿ ಹಿಟ್ಟಿನಷ್ಟು ಊಟ. ಬೆಳಿಗ್ಗೆ ಎರಡು ಇಡ್ಲಿ, ಕಾಫಿ ಕುಡಿದು ಹೊರಟು ಮಧ್ಯಾಹ್ನ ಮೂರಕ್ಕೆ ಊಟ ಮಾಡುವವನಿಗೆ ಹನ್ನೆರಡು ಗಂಟೆಗೆ ಕಾಲು ಭಾರವಾದರೆ ಅದು ಕ್ರಿಯಾಟಿನ್ ಕೊರತೆಯಲ್ಲ. ಹನ್ನೊಂದಕ್ಕೆ ಒಂದಿಷ್ಟು ಉಪ್ಪು ಹಾಕಿದ ರಾಗಿ ಅಂಬಲಿ ಅಥವಾ ಎರಡು ಬಾಳೆಹಣ್ಣು ಮಜ್ಜಿಗೆ ತೆಗೆದುಕೊಂಡು ಒಂದು ವಾರ ನೋಡಲಿ. ಆ ಭಾರ ಇಳಿದರೆ ಕಾರಣ ಸಿಕ್ಕಿತು, ಡಬ್ಬಿಯ ಖರ್ಚು ಉಳಿಯಿತು.

ಊಟ ನೀರು ಸರಿಯಿದ್ದೂ ಒಂದರ ಹಿಂದೊಂದು ಭಾರ ಹೊರುವ ಕೆಲಸದವರು, ಅದರಲ್ಲೂ ಸಸ್ಯಾಹಾರಿಗಳು, ಪರೀಕ್ಷಿಸಿ ನೋಡಬಹುದು. ಕೊಳ್ಳಬೇಕಾದದ್ದು ಬರೀ ಕ್ರಿಯಾಟಿನ್ ಮೊನೊಹೈಡ್ರೇಟ್. ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು, ಪದಾರ್ಥಗಳ ಪಟ್ಟಿಯಲ್ಲಿ ಕೆಫೀನ್ ಇರಬಾರದು. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಮಿಶ್ರಣಗಳಲ್ಲಿ ಕೆಫೀನ್ ಸೇರಿರುವುದು ಸಾಮಾನ್ಯ, ಏಪ್ರಿಲ್ ಬಿಸಿಲಲ್ಲಿ ಮೂಟೆ ಹೊರುವವನ ಎದೆಬಡಿತಕ್ಕೆ ಅದು ಬೇಡ. ದಿನಕ್ಕೆ 3 ಗ್ರಾಂ ಸಾಕು. ಡಬ್ಬಿಯೊಳಗಿನ ಚಮಚ ಎಷ್ಟು ಗ್ರಾಮಿನದೆಂದು ಲೇಬಲ್ ನೋಡಿ, ಅದನ್ನು ಮಟ್ಟಮಾಡಿ ಅಳೆದು, ದೊಡ್ಡ ಲೋಟ ನೀರಲ್ಲಿ ಕಲಸಿ ಊಟದ ಜೊತೆ ಕುಡಿಯಬೇಕು. ತಣ್ಣೀರಲ್ಲಿ ಪುಡಿ ಪೂರ್ತಿ ಕರಗದೆ ತಳ ಸೇರುವುದು ಸಹಜ, ಅದು ಕಲಬೆರಕೆಯ ಗುರುತಲ್ಲ. 250 ಗ್ರಾಂ ಡಬ್ಬಿಗೆ 600 ರೂಪಾಯಿ ಕೊಟ್ಟಿದ್ದರೆ 83 ದಿನ ಬರುತ್ತದೆ, ದಿನಕ್ಕೆ ಏಳು ರೂಪಾಯಿ ಚಿಲ್ಲರೆ.

‘ಮೊದಲ ವಾರ ದಿನಕ್ಕೆ 20 ಗ್ರಾಂ’ ಎಂಬ ಸಲಹೆ ದಾಸ್ತಾನನ್ನು ಬೇಗ ತುಂಬಿಸುವುದು ನಿಜ. ಆದರೆ 3 ಗ್ರಾಮಿನಂತೆ ನಾಲ್ಕು ವಾರ ತೆಗೆದುಕೊಂಡರೂ ಅದೇ ಮಟ್ಟ ಮುಟ್ಟುತ್ತದೆ. ದೊಡ್ಡ ಪ್ರಮಾಣ ಒಮ್ಮೆಲೇ ಹೊಟ್ಟೆಗೆ ಹೋದರೆ ಭೇದಿಯಾಗಬಹುದು, ಶೌಚಾಲಯ ಹುಡುಕಿಕೊಂಡು ತಿರುಗುವ ಕೆಲಸದಲ್ಲಿ ಅದು ಒಂದು ದಿನದ ಕೂಲಿಯನ್ನೇ ತಿನ್ನುತ್ತದೆ. ಸ್ನಾಯು ಹೆಚ್ಚು ನೀರು ಹಿಡಿದಿಟ್ಟುಕೊಳ್ಳುವುದರಿಂದ ಮೊದಲ ವಾರದಲ್ಲೇ ಒಂದೆರಡು ಕಿಲೋ ತೂಕವೂ ಏರುತ್ತದೆ. ಮೆಟ್ಟಿಲು ಏರುವವನು ಆ ತೂಕವನ್ನೂ ಹೊರಬೇಕು. ಕಡಿಮೆ ಪ್ರಮಾಣದಲ್ಲಿ ಈ ಏರಿಕೆ ನಿಧಾನ.

ಎಚ್ಚರ ಬೇಕಿರುವುದು ಮೂತ್ರಪಿಂಡದ ವಿಷಯದಲ್ಲಿ. ಆರೋಗ್ಯವಂತರ ಮೂತ್ರಪಿಂಡಕ್ಕೆ ಈ ಪ್ರಮಾಣದ ಕ್ರಿಯಾಟಿನ್ ಹಾನಿ ಮಾಡಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ಕ್ರಿಯಾಟಿನ್ ಸವೆದಾಗ ಆಗುವ ವಸ್ತುವೇ ಕ್ರಿಯಾಟಿನಿನ್, ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ಅಳೆಯುವುದೂ ಅದರಿಂದಲೇ. ಪುಡಿ ತಿನ್ನುವವನಿಗೆ 1.0 ಇದ್ದದ್ದು 1.2 ಆಗಬಹುದು. ಹಿಂದಿನ ರಾತ್ರಿಯ ಬಾಡೂಟ, ಬಿಸಿಲಲ್ಲಿ ನೀರು ಕುಡಿಯದೆ ದುಡಿದದ್ದು ಕೂಡ ಆ ಅಂಕಿಯನ್ನು ಏರಿಸುತ್ತವೆ. ಹೀಗಾಗಿ ಶುರುಮಾಡುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ, ಮುಂದೆ ಪರೀಕ್ಷೆ ಬಂದಾಗ ಪುಡಿ ತಿನ್ನುತ್ತಿರುವುದನ್ನು ಡಾಕ್ಟರಿಗೆ ಹೇಳಿ. ಅನುಮಾನ ಉಳಿದರೆ ಅವರು ಸಿಸ್ಟಾಟಿನ್-ಸಿ ಪರೀಕ್ಷೆ ಬರೆಯಬಹುದು, ಅದಕ್ಕೆ ಕ್ರಿಯಾಟಿನ್ ಅಡ್ಡಿಯಾಗುವುದಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂದೂ ನೋಡಬಹುದು. ಸಕ್ಕರೆ ಕಾಯಿಲೆ, ಬಿಪಿ ಅಥವಾ ಮೊದಲೇ ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಡಬ್ಬಿಯಲ್ಲಿದೆ. ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬು ಕಡಿಯುವವರಲ್ಲಿ ಸಕ್ಕರೆ ಕಾಯಿಲೆಯಾಗಲೀ ಬಿಪಿಯಾಗಲೀ ಇಲ್ಲದ ಯುವಕರ ಮೂತ್ರಪಿಂಡಗಳೇ ಕೆಟ್ಟಿವೆ. ದಿನದಿನವೂ ಬಿಸಿಲಲ್ಲಿ ಮೈ ಒಣಗುವುದು ಅಲ್ಲಿನ ಪ್ರಬಲ ಶಂಕಿತ ಕಾರಣ. ಅಂಥ ಒಣಗಿದ ಮೈಗೆ ಸಂಜೆ ಸೊಂಟನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಂದ ಡೈಕ್ಲೊಫಿನ್ಯಾಕ್ ಮಾತ್ರೆ ಸೇರಿದರೆ ಮೂತ್ರಪಿಂಡಕ್ಕೆ ಹೋಗುವ ರಕ್ತ ಮತ್ತಷ್ಟು ಕುಗ್ಗುತ್ತದೆ. ಮೂತ್ರ ಕಡು ಹಳದಿಯಾಗಿ ದಿನಕ್ಕೆ ಎರಡೇ ಸಲ ಹೋಗುತ್ತಿದ್ದರೆ ನೀರು ಸಾಲುತ್ತಿಲ್ಲ. ಮೂತ್ರ ಬರುತ್ತದೆಂದು ರೈಡರ್‌ಗಳು ನೀರನ್ನೇ ಕಡಿಮೆ ಮಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಭಾರದ ಕೆಲಸ ಮಾಡಿದ ದಿನ ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿ ಸ್ನಾಯುಗಳು ಊದಿ ನೋಯುತ್ತಿದ್ದರೆ ಅದು ಸ್ನಾಯು ಒಡೆದ ಲಕ್ಷಣ, ಅಂದೇ ಆಸ್ಪತ್ರೆಗೆ ಹೋಗಬೇಕು.

ಪುಡಿ ಫಲ ಕೊಟ್ಟಿತೋ ಇಲ್ಲವೋ ನೋಡಲು ಆರು ವಾರ ಕಾಯಿರಿ. ಇಡೀ ದಿನದ ಸುಸ್ತನ್ನು ಅಳೆಯಬೇಡಿ, ಅದು ಬಿಸಿಲು ನಿದ್ದೆಗಳ ಜೊತೆ ಏರಿಳಿಯುತ್ತದೆ. ಒಂದೇ ಬಗೆಯ ಲೋಡಿನಲ್ಲಿ, ಒಂದೇ ಹೊತ್ತಿನಲ್ಲಿ, ಮೊದಲ ಸಲ ನಿಂತು ಸುಧಾರಿಸಿಕೊಳ್ಳುವ ಮುಂಚೆ ಎಷ್ಟು ಮೂಟೆ ಆಯಿತು ಎಂದು ಶುರುಮಾಡುವ ಮುಂಚಿನ ಎರಡು ವಾರವೂ ಕೊನೆಯ ಎರಡು ವಾರವೂ ಬರೆದಿಡಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಬಹುದು, ನಿಧಾನವಾಗಿ ಇಳಿಸಬೇಕಾದ ಗೋಜಿಲ್ಲ. ಹೆಚ್ಚಾಗಿದ್ದ ದಾಸ್ತಾನು ನಾಲ್ಕರಿಂದ ಆರು ವಾರದಲ್ಲಿ ತಾನಾಗಿ ಹಳೆಯ ಮಟ್ಟಕ್ಕೆ ಇಳಿಯುತ್ತದೆ.