ಬಸುರಿಯ ತಲೆನೋವಿಗೆ ಮೊದಲು ಬಿಪಿ ನೋಡಬೇಕು

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆಗೆ ಬಂದು ಹಿಂಜವಾಡಿ, ವಾಕಡ ಸುತ್ತಮುತ್ತ ಕಟ್ಟಡದ ಕೆಲಸ ಮಾಡುವ ಕುಟುಂಬಗಳಲ್ಲಿ ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕಳಿಸುವ ರೂಢಿ ಇಂದಿಗೂ ಉಳಿದಿದೆ. ಅದೇ ಹೊತ್ತಿಗೆ ತಪಾಸಣೆಯ ಸರಪಳಿ ತುಂಡಾಗುತ್ತದೆ. ಪುಣೆಯ ದವಾಖಾನೆಯ ಕಾರ್ಡು ಕೈಯಲ್ಲಿದ್ದರೂ ಅಲ್ಲಿಗೆ ಹೋಗುವುದು ನಿಂತಿರುತ್ತದೆ, ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರು ಇನ್ನೂ ಸೇರಿರುವುದಿಲ್ಲ. ಬಸುರಿನಲ್ಲಿ ರಕ್ತದೊತ್ತಡ ಏರುವ ಕಾಯಿಲೆ ಇಪ್ಪತ್ತನೆಯ ವಾರದ ನಂತರ ಕಾಣಿಸಿಕೊಳ್ಳುವಂಥದು, ಅದರಲ್ಲಿಯೂ ಕೊನೆಯ ಮೂರು ತಿಂಗಳಲ್ಲಿ ಹೆಚ್ಚು, ಮತ್ತು ಚೊಚ್ಚಲ ಬಸುರಿಯರಲ್ಲಿ ಇನ್ನೂ ಹೆಚ್ಚು.

ಇದರ ಮೂಲ ಇರುವುದು ಮಾಸಿನಲ್ಲಿ. ಗರ್ಭಕೋಶದ ಗೋಡೆಯಲ್ಲಿರುವ ಸಣ್ಣ ಸುರುಳಿ ರಕ್ತನಾಳಗಳು ಬಸುರಿನ ಮೊದಲರ್ಧದಲ್ಲಿ ಅಗಲಗೊಂಡು, ಕಿರುಗಾಲುವೆಯನ್ನು ಅಗೆದು ದೊಡ್ಡದು ಮಾಡಿದಂತೆ, ಮಾಸಿಗೆ ಧಾರಾಳವಾಗಿ ರಕ್ತ ಹರಿಸಬೇಕು. ಕೆಲವರಲ್ಲಿ ಈ ಅಗಲೀಕರಣ ಅರ್ಧಕ್ಕೇ ನಿಲ್ಲುತ್ತದೆ. ಕೂಸು ಚಿಕ್ಕದಿರುವವರೆಗೆ ಕೊರತೆ ಗೊತ್ತಾಗುವುದಿಲ್ಲ. ಕೂಸು ಬೆಳೆದು ಬೇಡಿಕೆ ಹೆಚ್ಚಾದಾಗ ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಅತಿಯಾಗಿ ಬಿಡತೊಡಗುತ್ತದೆ. ಅವು ತಾಯಿಯ ಮೈತುಂಬ ಇರುವ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ನಾಳಗಳು ಬಿಗಿದುಕೊಂಡು ಬಿಪಿ ಏರುತ್ತದೆ, ಮೂತ್ರಪಿಂಡದಲ್ಲಿ ಸೋರಿಕೆಯಾಗಿ ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ, ಮಿದುಳಿನಲ್ಲಿ ನೀರು ತುಂಬಿ ತಲೆ ಸಿಡಿಯುತ್ತದೆ, ಯಕೃತ್ತು ಊದಿಕೊಂಡು ಬಲಪಕ್ಕೆಲುಬಿನ ಕೆಳಗೆ ನೋಯುತ್ತದೆ. ಈ ಕೊನೆಯ ನೋವನ್ನು ಮನೆಯವರು ಪಿತ್ತವೆಂದೋ ಗ್ಯಾಸೆಂದೋ ತಿಳಿಯುವುದು ತೀರಾ ಸಾಮಾನ್ಯ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಂಡಿ ತಾಲ್ಲೂಕಿನ ಹೆಣ್ಣುಮಗಳು, ವಾಕಡದ ಕಟ್ಟಡದ ಬಳಿಯ ತಗಡಿನ ಮನೆಯಲ್ಲಿ ವಾಸ, ಮೂವತ್ತಮೂರನೆಯ ವಾರ. ಐದನೆಯ ತಿಂಗಳಲ್ಲಿ ಕಾರ್ಡಿನಲ್ಲಿ ಬರೆದ ಬಿಪಿ 110/70. ಕುಬಸಕ್ಕೆ ತೊಡಿಸಿದ ಹಸಿರು ಬಳೆಗಳು ಎಂಟೇ ದಿನದಲ್ಲಿ ಮುಂಗೈಗೆ ಕಚ್ಚಿ ಗುರುತು ಮೂಡಿಸಿವೆ, ಬೆಳಿಗ್ಗೆ ಎದ್ದಾಗ ಮುಖವೂ ಬಾತಿರುತ್ತದೆ. ಸಂಜೆಯ ಹೊತ್ತಿಗೆ ಕಾಲು ಬಾಯುವುದು ಬಹಳಷ್ಟು ಬಸುರಿಯರಿಗೆ ಸಹಜ, ಆದರೆ ಮುಖ ಮತ್ತು ಕೈ ಒಮ್ಮೆಲೇ ಬಾತರೆ ತಡಮಾಡದೆ ಬಿಪಿ ನೋಡಿಸಬೇಕು. ಎರಡು ದಿನದಿಂದ ಹಣೆ ಸಿಡಿಯುವ ನೋವು, ಗುಳಿಗೆ ನುಂಗಿದರೂ ಇಳಿದಿಲ್ಲ, ಕಣ್ಣ ಮುಂದೆ ಕಿಡಿ ಹಾರಿದಂತಾಗುತ್ತದೆ. ಆ ರಾತ್ರಿಯೇ ಊರಿನ ಬಸ್ಸಿಗೆ ಸೀಟು ಬುಕ್ ಆಗಿದೆ.

“ಬಿಸಲಾಗ ಅಡ್ಡ್ಯಾಡಿದ್ದಕ್ಕ ತೆಲಿ ನೋಯತೈತಿ, ಊರಿಗಿ ಹೋಗಿ ತೋರಿಸಿದ್ರಾತು” ಎನ್ನುತ್ತಾಳೆ ಕರೆದೊಯ್ಯಲು ಬಂದ ತಾಯಿ. ಪಕ್ಕದ ಮನೆಯ ಹಿರಿಯಳು ಒಪ್ಪುವುದಿಲ್ಲ: “ಬ್ಯಾಡ ಯವ್ವಾ, ಮೊದಲ ಬಿಪಿ ನೋಡ್ಸು, ಆಮ್ಯಾಲ ಬಸ್ಸಿನ ಮಾತು.”

ಹಿರಿಯಳ ಮಾತೇ ಸರಿ. ಸೊಲ್ಲಾಪುರ ದಾಟಿ ಊರು ಸೇರುವಷ್ಟರಲ್ಲಿ ಇಡೀ ರಾತ್ರಿ ಕಳೆದಿರುತ್ತದೆ, ಈ ಕಾಯಿಲೆ ಒಂದು ರಾತ್ರಿಯಲ್ಲಿ ಎಲ್ಲಿಂದೆಲ್ಲಿಗೋ ಹೋಗಬಲ್ಲದು. ಹತ್ತಿರದ ದವಾಖಾನೆಯಲ್ಲಿ ಅವಳನ್ನು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ರವಿಕೆಯ ತೋಳಿನ ಮೇಲಲ್ಲ, ಬರಿಯ ತೋಳಿಗೆ ಪಟ್ಟಿ ಕಟ್ಟಿ, ತೋಳನ್ನು ಎದೆಯ ಮಟ್ಟದಲ್ಲಿರಿಸಿ ಅಳೆಯುತ್ತಾರೆ. ಮೊದಲು 164/112, ಹದಿನೈದು ನಿಮಿಷದ ನಂತರ 166/110. ಬಸುರಿಯಲ್ಲಿ 140/90 ಮುಟ್ಟಿದರೆ ಹೆಚ್ಚೆಂದು ಲೆಕ್ಕ, 160/110 ಅಂದರೆ ತುರ್ತು ಸ್ಥಿತಿ. ಮೂತ್ರದಲ್ಲಿ ಅದ್ದಿದ ಪಟ್ಟಿಯೂ ಬಣ್ಣ ಬದಲಿಸಿ ಪ್ರೋಟೀನು ತೋರಿಸುತ್ತದೆ. ಇಲ್ಲಿಂದ ಮುಂದೆ 108 ಗಾಡಿಯಲ್ಲಿ, ಶಸ್ತ್ರಚಿಕಿತ್ಸೆ, ರಕ್ತ ಮತ್ತು ಎಳೆಗೂಸುಗಳ ಘಟಕ ಮೂರೂ ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 108 ಮಹಾರಾಷ್ಟ್ರ, ಗೋವಾ, ಕರ್ನಾಟಕ ಮೂರೂ ಕಡೆ ನಡೆಯುತ್ತದೆ. ಫೋನಿನಲ್ಲಿ ಮರಾಠಿ ಬಾರದಿದ್ದರೆ ‘ಗರೋದರ ಆಹೇ, ಬೀಪಿ ವಾಢಲಾಯ್’ ಎಂದಷ್ಟು ಹೇಳಿ, ಹತ್ತಿರದ ಗುರುತಿನ ಜಾಗ ತಿಳಿಸಿದರೂ ಸಾಕು.

ಆಸ್ಪತ್ರೆಯಲ್ಲಿ ಮೊದಲು ಬಿಪಿ ಇಳಿಸುವ ಔಷಧಿ, ಅದರ ಜೊತೆಗೇ ಫಿಟ್ಸು ತಡೆಯಲು ಮೆಗ್ನೀಸಿಯಮ್ ಸಲ್ಫೇಟ್ ಕೊಡುತ್ತಾರೆ. ಅಗ್ಗದ, ಹಳೆಯ ಔಷಧಿಯಿದು. ಹಲವು ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದು ಫಿಟ್ಸಿನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಕೂಸಿನ ಶ್ವಾಸಕೋಶ ಬೇಗ ಬಲಿಯಲೆಂದು ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ನೂ ಬೀಳುತ್ತದೆ. ಇವೆಲ್ಲ ಸಮಯ ಗಳಿಸುವ ಉಪಾಯಗಳು. ಕಾಯಿಲೆಯ ಬೇರು ಮಾಸಿನಲ್ಲಿರುವುದರಿಂದ ಮಾಸು ಹೊರಬರದೆ, ಎಂದರೆ ಹೆರಿಗೆಯಾಗದೆ, ಅದು ಬಿಡುವುದಿಲ್ಲ. ಆದ್ದರಿಂದಲೇ ವೈದ್ಯರು ಒಮ್ಮೊಮ್ಮೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುತ್ತಾರೆ. ಆಸ್ಪತ್ರೆಯವರು ಅವಸರ ಮಾಡಿದರೆಂದು ಅನುಮಾನಪಡುವವರಿಗೆ ಈ ಕಾರಣ ತಿಳಿದಿರುವುದು ಒಳ್ಳೆಯದು.

ಮನೆಯಲ್ಲಿಯೇ ಫಿಟ್ಸು ಬಂದರೆ ಎಡಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಚಮಚೆಯಾಗಲಿ ನೀರಾಗಲಿ ಹಾಕಬಾರದು. ಕೈಗೆ ಕೀಲಿಕೈ ಗೊಂಚಲು ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಕೇವಲ ಹೊತ್ತು ಕಳೆಯುವ ಕೆಲಸ.

ರಕ್ತ ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು ಎಂಬ ಇನ್ನೆರಡು ಅಪಾಯದ ಸೂಚನೆಗಳೂ ಇದೇ ಮಾಸಿನ ಕಥೆಗೆ ಬಂದು ಸೇರುತ್ತವೆ. ಬಿಪಿ ಏರಿದವರಲ್ಲಿ ಮಾಸು ಹೆರಿಗೆಗೆ ಮೊದಲೇ ಗೋಡೆಯಿಂದ ಕಳಚಿಕೊಳ್ಳುವ ಸಂಭವ ಹೆಚ್ಚು. ಆಗ ಹೊಟ್ಟೆ ಕಲ್ಲಾಗಿ, ಹೆರಿಗೆನೋವಿನಂತೆ ಬಂದು ಹೋಗದೆ, ಬಿಡುವಿಲ್ಲದೆ ನೋಯುತ್ತದೆ. ರಕ್ತ ಮಾಸಿನ ಹಿಂದೆಯೇ ಸಂಗ್ರಹವಾಗಬಹುದಾದ್ದರಿಂದ ಬಟ್ಟೆಗೆ ಆದದ್ದು ಸ್ವಲ್ಪವೇ ಇದ್ದರೂ ಒಳಗೆ ಹೋದದ್ದು ಬಹಳ ಇರಬಹುದು. ನೋವೇ ಇಲ್ಲದೆ ಕೆಂಪು ರಕ್ತ ಹೋದರೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿರಬಹುದು. ಅದು ಬೇರೆಯದೇ ತೊಂದರೆ, ಬಿಪಿ ಸರಿಯಿದ್ದರೂ ಬರುತ್ತದೆ. ಸ್ಕ್ಯಾನಿಂಗಿನಲ್ಲಿ ಮಾಸಿನ ಜಾಗ ಗೊತ್ತಾಗುವವರೆಗೆ ಸೂಲಗಿತ್ತಿಯಾಗಲಿ ಬೇರಾರೇ ಆಗಲಿ ಒಳಗೆ ಕೈಹಾಕಿ ಪರೀಕ್ಷಿಸಬಾರದು. ಬೆರಳು ತಾಗಿದರೆ ರಕ್ತ ಧಾರೆಯಾಗಿ ಸುರಿಯಬಹುದು.

ಮಾಸಿನಿಂದ ಆಮ್ಲಜನಕ ಸಾಲದಾದಾಗ ಕೂಸು ಶಕ್ತಿ ಉಳಿಸಲು ಮಿಸುಕಾಡುವುದನ್ನು ಕಡಿಮೆ ಮಾಡುತ್ತದೆ. ದಿನ ಸಮೀಪಿಸಿದಂತೆ ಕೂಸು ಸುಮ್ಮನಾಗುತ್ತದೆ ಎಂಬ ಮಾತು ನಿಜವಲ್ಲ. ಜಾಗ ಇಕ್ಕಟ್ಟಾಗಿ ಒದೆತದ ಬದಲು ಹೊರಳಾಟ ಗೊತ್ತಾಗಬಹುದು, ಆದರೆ ಚಲನೆ ಹೆರಿಗೆಯವರೆಗೂ ಇರಬೇಕು. ಕೂಸು ನಿದ್ದೆ ಮಾಡುವುದು ಸಾಮಾನ್ಯವಾಗಿ 20ರಿಂದ 40 ನಿಮಿಷ. ಅನುಮಾನ ಬಂದರೆ ಊಟ ಮಾಡಿ ಎಡಮಗ್ಗುಲಿಗೆ ಮಲಗಿ ಎಣಿಸಬೇಕು. ಎರಡು ಗಂಟೆಯಲ್ಲಿ ಹತ್ತು ಸಲವೂ ಮಿಸುಕಾಡದಿದ್ದರೆ ಬೆಳಗಾಗುವುದನ್ನು ಕಾಯದೆ ಹೊರಡಬೇಕು. ಹತ್ತರ ಲೆಕ್ಕಕ್ಕಿಂತಲೂ ಅವಳ ಕೂಸಿನ ನಿತ್ಯದ ರೂಢಿಯೇ ಮುಖ್ಯ. “ಇವತ್ತು ಯಾಕೋ ಬ್ಯಾರೆ ಅನಸತೈತಿ” ಎಂದು ಅವಳು ಹೇಳಿದರೆ, ಎಣಿಕೆ ಹತ್ತು ದಾಟಿದ್ದರೂ ತೋರಿಸುವುದೇ ಸರಿ.

ಹೆರಿಗೆಯಾದ ಮಾತ್ರಕ್ಕೆ ಬಿಪಿ ಅಂದೇ ಇಳಿಯುವುದಿಲ್ಲ. ಮೂರನೆಯಿಂದ ಆರನೆಯ ದಿನದೊಳಗೆ ಅದು ಮತ್ತೆ ಏರುವುದುಂಟು, ಬಸುರಿನಲ್ಲಿ ಬಿಪಿ ಸರಿಯಿದ್ದ ಬಾಣಂತಿಗೂ ಫಿಟ್ಸು ಬಂದದ್ದಿದೆ. ಆ ದಿನಗಳ ಸಿಡಿತದ ತಲೆನೋವನ್ನು ಥಂಡಿಯೆಂದು ಕಿವಿಗೆ ಹತ್ತಿ ತುರುಕಿ, ಕೆಂಡದ ಕಾವಿನ ಕೋಣೆಯಲ್ಲಿ ಮಲಗಿಸಿಬಿಡುತ್ತಾರೆ. ಆ ತಲೆನೋವಿಗೂ ಮೊದಲು ತೋಳಿಗೆ ಪಟ್ಟಿ ಕಟ್ಟಿ ಬಿಪಿಯನ್ನೇ ನೋಡಬೇಕು.