ಎಳೆದ ದಿಕ್ಕಿನಲ್ಲೇ ಬ್ಲಾಕ್ ಕುಗ್ಗುತ್ತದೆಯೇ?

ಪ್ರಶ್ನೆ: ಉಕ್ಕಿನ ಬ್ಲಾಕ್ ಒಂದನ್ನು ಮೂರೂ ದಿಕ್ಕಿನಲ್ಲಿ ಎಳೆಯುವ ಲೆಕ್ಕ ಮಾಡಿದೆ. z ದಿಕ್ಕಿನಲ್ಲೂ ಎಳೆತವೇ ಇದೆ. ಆದರೂ ಆ ದಿಕ್ಕಿನ ಸ್ಟ್ರೈನ್ ಮೈನಸ್ ಬಂತು. ಎಲ್ಲಿ ತಪ್ಪಿದೆ?

ಉತ್ತರ: ಬಹುಶಃ ಎಲ್ಲೂ ಇಲ್ಲ! ರಬ್ಬರ್ ಪಟ್ಟಿಯನ್ನು ಉದ್ದಕ್ಕೆ ಎಳೆದರೆ ಅದು ಅಡ್ಡಕ್ಕೆ ತೆಳುವಾಗುತ್ತದೆ, ಅಲ್ವಾ? ಉಕ್ಕೂ ಹಾಗೆಯೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. x ಮತ್ತು y ಕಡೆಯ ಎಳೆತಗಳು ಸೇರಿ z ದಿಕ್ಕನ್ನು ಕುಗ್ಗಿಸುತ್ತವೆ. z ಕಡೆಯ ಸ್ವಂತ ಎಳೆತ ಚಿಕ್ಕದಿದ್ದರೆ ಅದು ಸೋಲುತ್ತದೆ.

ಒಂದು ಲೆಕ್ಕ ಮಾಡಿಯೇ ನೋಡೋಣ. ಬ್ಲಾಕ್ x ಕಡೆ 200, y ಕಡೆ 100, z ಕಡೆ 50 ಮಿ.ಮೀ. ಇದೆ. ಎಳೆಯುವ ಬಲ ಕ್ರಮವಾಗಿ 600, 800, 400 ಕಿಲೋನ್ಯೂಟನ್. E = 200 ಗಿಗಾಪ್ಯಾಸ್ಕಲ್, ಪಾಯ್ಸನ್ ಅನುಪಾತ ν = 0.3.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. x ಬಲವನ್ನು ಭಾಗಿಸಬೇಕಾದದ್ದು ಆ ಬಲಕ್ಕೆ ಎದುರಾಗಿರುವ ಮುಖದಿಂದ, ಅಂದರೆ 100 × 50 ರಿಂದ. ಹೀಗೆ ಮಾಡಿದರೆ ಸ್ಟ್ರೆಸ್ x ಕಡೆ 120, y ಕಡೆ 80, z ಕಡೆ 20 ಮೆಗಾಪ್ಯಾಸ್ಕಲ್ ಬರುತ್ತದೆ. z ಮುಖ ಎಲ್ಲಕ್ಕಿಂತ ದೊಡ್ಡದು, ಬಲವೂ ಕಡಿಮೆ. ಅದಕ್ಕೇ ಅಲ್ಲಿ ಸ್ಟ್ರೆಸ್ ಇಷ್ಟು ಚಿಕ್ಕದು.

ಇನ್ನು ಹುಕ್ ನಿಯಮದ ಮೂರು ದಿಕ್ಕಿನ ರೂಪ: ಸ್ವಂತ ಸ್ಟ್ರೆಸ್‌ನಿಂದ ಉಳಿದೆರಡರ ಮೊತ್ತದ ν ಪಟ್ಟು ಕಳೆದು, E ಯಿಂದ ಭಾಗಿಸಬೇಕು.

```
εx = [120 − 0.3(80 + 20)]/200000 = +0.00045
εy = [80 − 0.3(120 + 20)]/200000 = +0.00019
εz = [20 − 0.3(120 + 80)]/200000 = −0.00020
```

ಮೂರನೇ ಸಾಲು ನೋಡಿ. 20 ಹಿಗ್ಗಿಸುತ್ತದೆ, 60 ಕುಗ್ಗಿಸುತ್ತದೆ. z ಅಳತೆ 0.01 ಮಿ.ಮೀ. ಕಡಿಮೆಯಾಗುತ್ತದೆ. x 0.09, y 0.019 ಮಿ.ಮೀ. ಜಾಸ್ತಿಯಾಗುತ್ತವೆ. ಎಳೆತದ ಬದಲು ಒತ್ತುವ ಬಲವಿದ್ದರೆ ಆ ಸ್ಟ್ರೆಸ್ಸನ್ನು ಮೈನಸ್ ಚಿಹ್ನೆಯೊಂದಿಗೇ ಸೂತ್ರಕ್ಕೆ ಹಾಕಿ, ಬೇರೇನೂ ಬದಲಾಗದು.

ಗಾತ್ರದ ಬದಲಾವಣೆಗೆ ಮೂರೂ ಸ್ಟ್ರೈನ್ ಸುಮ್ನೆ ಕೂಡಿದರೆ ಸಾಕು: 0.00044. ಮೂಲ ಗಾತ್ರ 10 ಲಕ್ಷ ಘನ ಮಿ.ಮೀ. ಹಾಗಾಗಿ ಹೆಚ್ಚಳ 440 ಘನ ಮಿ.ಮೀ. ಹೊಸ ಅಳತೆಗಳನ್ನೇ ಗುಣಿಸಿ ನೋಡಿದೆ, 439.96 ಬಂತು. ಸ್ಟ್ರೈನ್ ಇಷ್ಟು ಚಿಕ್ಕದಿರುವಾಗ ಕೂಡಿದರೂ ನಡೆಯುತ್ತದೆ. ಬಲ ತೆಗೆದರೂ ಮೊದಲಿನ ಅಳತೆಗೆ ಮರಳದಷ್ಟು ಎಳೆದು, ಉಕ್ಕು ಯೀಲ್ಡ್ ಮಿತಿ ದಾಟಿದರೆ ಮಾತ್ರ ಈ ಸೂತ್ರಗಳನ್ನು ಬಿಡಬೇಕು.

ತಾಳೆ ನೋಡಲು ಇನ್ನೊಂದು ದಾರಿ ಇದೆ:

```
ΔV/V = (1 − 2ν)(σx + σy + σz)/E
     = 0.4 × 220/200000 = 0.00044
```

ನಿಮ್ಮ ಲೆಕ್ಕ ನಿಜಕ್ಕೂ ತಪ್ಪಿದೆಯೇ ಎಂದು ಹೇಳುವುದು ಈ ಸಾಲು. ಉಕ್ಕಿನ ν 0.5 ಕ್ಕಿಂತ ಕಡಿಮೆ, ಆದ್ದರಿಂದ ಮೊದಲ ಆವರಣ ಯಾವಾಗಲೂ ಪ್ಲಸ್. ಮೂರೂ ಕಡೆ ಎಳೆತವಿದ್ದಾಗ ಒಂದು ದಿಕ್ಕು ಕುಗ್ಗಬಹುದು, ಗಾತ್ರ ಮಾತ್ರ ಕುಗ್ಗಲಾರದು. ಅದೂ ಮೈನಸ್ ಬಂದರೆ, ಚಿಹ್ನೆಯನ್ನೋ ಮುಖದ ವಿಸ್ತೀರ್ಣವನ್ನೋ ಮತ್ತೆ ಹುಡುಕಿ.